ಆರೋ ಒಂಬತ್ತೋ

ಆ ಬಿಳಿ ಕಾರನ್ನು ನಾನು ಮೊದಲ ಸಲ ನೋಡಿದ್ದು ಒಂದು ಸೋಮವಾರ ರಾತ್ರಿ ಒಂಬತ್ತೂವರೆಗೆ. ಮಾಟುಂಗಾದಲ್ಲಿ ನೆಂಟರ ಮದುವೆಯ ಊಟ ಮುಗಿಸಿ, ಮುಲುಂಡಿನ ನಮ್ಮ ಸೊಸೈಟಿಯ ಗೇಟು ದಾಟಿ ಒಳಗೆ ಬಂದರೆ, ನನ್ನ ಆರನೇ ನಂಬರಿನ ಜಾಗದಲ್ಲಿ ಅದು ಎರಡೂ ಕಿವಿ ಮಡಚಿಕೊಂಡು ಹಾಯಾಗಿ ನಿಂತಿತ್ತು. ಗಾಜಿನ ಮೇಲೆ ಸೊಸೈಟಿಯ ಸ್ಟಿಕ್ಕರ್ ಇಲ್ಲ. ವಾಚ್‌ಮನ್ ಕುರ್ಚಿಯಿಂದ ಅರ್ಧ ಎದ್ದು, "ಅಣ್ಣಾ, ದೋ ಸೌ ತೀನ್ ಕಾ ಮೆಹಮಾನ್ ಹೈ, ಅಭೀ ಜಾಯೇಗಾ" ಎಂದ. ಮುಂಬಯಿಯ 'ಅಭೀ'ಗೂ ಗಡಿಯಾರಕ್ಕೂ ಯಾವ ಸಂಬಂಧವೂ ಇಲ್ಲವೆಂಬುದು ನಲವತ್ತು ವರ್ಷ ಇಲ್ಲಿದ್ದವನಿಗೆ ಗೊತ್ತಿರಬೇಕಿತ್ತು. ಮುಕ್ಕಾಲು ಗಂಟೆ ಕಾದೆ. ಕೊನೆಗೆ ಕಾರನ್ನು ಹೊರಗೆ ರಸ್ತೆಯಲ್ಲಿ, ಪಾನ್ ಅಂಗಡಿಯ ಪಕ್ಕ ನಿಲ್ಲಿಸಿ ಬಂದೆ. ಬೆಳಿಗ್ಗೆ ನೋಡಿದರೆ ಎಡಬಾಗಿಲಿನ ಮೇಲೆ ಕೆಂಪು ಉಗುಳಿನ ರಂಗೋಲಿ.

ಒಂದು ದಿನವಾದರೆ ಮರೆತುಬಿಡುತ್ತಿದ್ದೆ. ಬುಧವಾರ ಮತ್ತೆ ಬಂತು. ಶುಕ್ರವಾರ, ಶನಿವಾರ ಮತ್ತೆ. ವಾಚ್‌ಮನ್ ಒಂದು ಉಪಾಯ ಹೇಳಿಕೊಟ್ಟ: ಚಕ್ರದ ಗಾಳಿ ಬಿಡುವುದು. ಮೂರನೇ ಮಹಡಿಯ ಹುಡುಗ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಹೋಗಿ, ನನ್ನ ಕಾರನ್ನು ಅದರ ಹಿಂದೆ ಅಡ್ಡ ನಿಲ್ಲಿಸಿ ಬೀಗ ಹಾಕಿ ಮಲಗಿ ಅಂಕಲ್ ಎಂದ. ಎರಡೂ ರುಚಿಕರವಾದ ಉಪಾಯಗಳೇ. ಆದರೆ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗುವವನು ಆಗ ಆ ಕಾರಿನವನು, ಉತ್ತರ ಹೇಳಬೇಕಾದವನು ನಾನು. ಪರರ ವಾಹನಕ್ಕೆ ಹಾನಿ ಮಾಡಿದರೆ, ಅದು ನಿಂತದ್ದು ಯಾರ ಜಾಗದಲ್ಲಿ ಎಂದು ಮೊದಲು ಯಾರೂ ಕೇಳುವುದಿಲ್ಲ. ಟ್ರಾಫಿಕ್ ಪೊಲೀಸರಿಗೆ ಫೋನು ಮಾಡಿದೆ. ರಸ್ತೆಯಲ್ಲಿದ್ದರೆ ಎತ್ತಿಕೊಂಡು ಹೋಗುತ್ತೇವೆ, ಕಾಂಪೌಂಡಿನ ಒಳಗಿನದು ನಿಮ್ಮ ಸೊಸೈಟಿಯ ಮಾಮಲಾ ಎಂದರು. ಕಾರಿನ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿದರೆ ಮಾಲೀಕರ ಹೆಸರಿನ ಒಂದೆರಡು ಅಕ್ಷರ ಕಂಡಿತು, ಉಳಿದದ್ದೆಲ್ಲ ನಕ್ಷತ್ರ. ಕಾರಿನ ಜಾತಕ ಸಿಕ್ಕಿತು, ಯಜಮಾನ ಸಿಗಲಿಲ್ಲ. ಉಳಿದದ್ದು ಕಾಗದ ಬರೆಯುವುದೊಂದೇ.

ಬ್ಯಾಂಕಿನಲ್ಲಿ ಮೂವತ್ತಮೂರು ವರ್ಷ ದುಡಿದವನು ನಾನು. ಕಾಗದ ಬರೆಯುವುದು ನನಗೆ ಬರುತ್ತದೆ ಎಂದು ನಂಬಿದ್ದೆ. ಮೊದಲನೆಯದು ಇಂಗ್ಲಿಷಿನಲ್ಲಿ ಮೂರು ಪುಟ ಆಯಿತು. ಅದರಲ್ಲಿ ನಾಗರಿಕ ಪ್ರಜ್ಞೆ ಇತ್ತು, ಹಿರಿಯ ನಾಗರಿಕನ ಮಂಡಿನೋವು ಇತ್ತು, ಪಾನ್ ಉಗುಳು ಇತ್ತು, ಕೊನೆಯಲ್ಲಿ "ಇದು ಹೀಗೇ ಮುಂದುವರಿದರೆ" ಎಂಬ ಬೆದರಿಕೆಯೂ ಇತ್ತು. ಮುಂದುವರಿದರೆ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲವಾದ್ದರಿಂದ ಆ ವಾಕ್ಯ ಚುಕ್ಕಿಗಳಲ್ಲಿ ಮುಗಿದಿತ್ತು. ಜೊತೆಗೆ ಬ್ರಹ್ಮಾಸ್ತ್ರವಾಗಿ ಒಂದು ಜೆರಾಕ್ಸ್ ಲಗತ್ತಿಸಿದೆ: 1996ರಲ್ಲಿ ಬಿಲ್ಡರ್ ಕೊಟ್ಟ, ನಲವತ್ತು ಸಾವಿರ ರೂಪಾಯಿಯ ರಸೀದಿ. 'ಸ್ಟಿಲ್ಟ್ ಪಾರ್ಕಿಂಗ್ ನಂ. 6'. ಆ ದುಡ್ಡಿಗಾಗಿ ನಮ್ಮವಳ ಎರಡು ಬಳೆ ಹೋಗಿದ್ದವು. ಆಗ ನಮ್ಮ ಹತ್ತಿರ ಕಾರೂ ಇರಲಿಲ್ಲ, ಬರೀ ಜಾಗ ಇತ್ತು. ಐದು ವರ್ಷ ಅಲ್ಲಿ ಮಗಳ ಮೂರು ಚಕ್ರದ ಸೈಕಲ್ ನಿಂತಿತ್ತು.

ಸೆಕ್ರೆಟರಿ ನಮ್ಮ ಕೆಳಗಿನ ಮನೆಯ ಗುಜರಾತಿ ಗೃಹಸ್ಥರು. ಸಂಬಳವಿಲ್ಲದ ಈ ಹುದ್ದೆಯನ್ನು ಒಂಬತ್ತು ವರ್ಷದಿಂದ ಹೊತ್ತುಕೊಂಡಿದ್ದಾರೆ. ಪ್ರತಿ ವರ್ಷ ಬಿಡುತ್ತೇನೆ ಎನ್ನುತ್ತಾರೆ, ಬೇರೆ ಯಾರೂ ಮುಂದೆ ಬರುವುದಿಲ್ಲ. ಅವರು ಮೂರೂ ಪುಟವನ್ನು ತಾಳ್ಮೆಯಿಂದ ಓದಿ, ರಸೀದಿಯನ್ನು ಮಾತ್ರ ನನಗೆ ಮರಳಿ ಕೊಟ್ಟರು. "ಇದನ್ನು ತೋರಿಸಬೇಡಿ ಅಣ್ಣಾ. ಇದನ್ನು ತೋರಿಸಿದರೆ ನೀವೇ ಸೋಲುತ್ತೀರಿ."

ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ನಿಜ. ಇದೇ ಮುಂಬಯಿಯ ದಹಿಸರ್ ಪೂರ್ವದ ಪಂಚಾಲಿ ಎಂಬ ಸೊಸೈಟಿಗೂ ಅದರ ಬಿಲ್ಡರಿಗೂ ಇದೇ ವಿಷಯದಲ್ಲಿ ಜಗಳವಾಗಿ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ಕಟ್ಟಡದ ಕಂಬಗಳ ನಡುವಿನ ಪಾರ್ಕಿಂಗ್ ಜಾಗ ಬೇರೆಯಾಗಿ ಮಾರಬಹುದಾದ 'ಫ್ಲ್ಯಾಟ್' ಅಲ್ಲ, ಅದು ಎಲ್ಲರಿಗೂ ಸೇರಿದ ಭಾಗ, ಬಿಲ್ಡರ್ ಅದನ್ನು ಬಿಡಿಬಿಡಿಯಾಗಿ ಮಾರುವಂತಿಲ್ಲ ಎಂದು ಕೋರ್ಟು 2010ರ ಆಗಸ್ಟಿನಲ್ಲಿ ಹೇಳಿತು. ಅಂದರೆ ನನ್ನ ನಲವತ್ತು ಸಾವಿರಕ್ಕೆ ನಾನು ಕೊಂಡದ್ದು ಮಾರಲು ಬಾರದ ವಸ್ತುವನ್ನು. ಆ ತೀರ್ಪಿನ ಮರುವರ್ಷ ನಮ್ಮ ಸೊಸೈಟಿ ಸರ್ವಸಾಧಾರಣ ಸಭೆ ಕರೆದು ಒಂದು ಠರಾವು ಮಾಡಿ, ಇರುವವರಿಗೆ ಇದ್ದ ಜಾಗವನ್ನೇ ಹಂಚಿ, ಒಬ್ಬೊಬ್ಬರಿಗೆ ಒಂದೊಂದು ಪತ್ರ ಕೊಟ್ಟಿತ್ತು. ನಾನು ಆ ಪತ್ರವನ್ನು ಎಲ್ಲೋ ತುರುಕಿ, ರಸೀದಿಯನ್ನು ಮಾತ್ರ ಲಾಕರಿನಲ್ಲಿಟ್ಟಿದ್ದೆ.

ಮನೆಗೆ ಬಂದು ಯೋಚಿಸಿದಾಗ ಒಂದು ವಿಚಿತ್ರ ಹೊಳೆಯಿತು. ಜಾಗ ನನ್ನದಲ್ಲ ಎಂದಾದರೆ ನಾನು ದುರ್ಬಲನಾದೆ ಎಂದುಕೊಂಡಿದ್ದೆ. ಆದರೆ ನನ್ನ ಸ್ವಂತದ್ದಾಗಿದ್ದರೆ ಸೆಕ್ರೆಟರಿ, "ನಿಮ್ಮ ಆಸ್ತಿ, ನೀವೇ ಕಾಪಾಡಿಕೊಳ್ಳಿ" ಎಂದು ಕೈ ತೊಳೆದುಕೊಳ್ಳಬಹುದಿತ್ತು. ಸೊಸೈಟಿಯದಾದ್ದರಿಂದ ಕಾಪಾಡುವ ಭಾರ ಸೊಸೈಟಿಯದು. ನಾನು ಬಾಡಿಗೆಯಂತೆ ತಿಂಗಳ ಮೇಂಟೆನೆನ್ಸಿನಲ್ಲಿ ಪಾರ್ಕಿಂಗ್ ಚಾರ್ಜು ಕಟ್ಟುತ್ತೇನೆ, ನೀವು ಹಂಚಿದ ಜಾಗ ನನಗೆ ಸಿಗುತ್ತಿಲ್ಲ, ಕೊಡಿಸಿ. ಮೂರು ಪುಟದ ಕಾಗದ ಇಷ್ಟಕ್ಕೆ ಇಳಿಯಿತು.

ಇಷ್ಟಾದರೂ ಇನ್ನೊಂದು ತೊಡಕು ಉಳಿದಿತ್ತು. ಸೊಸೈಟಿ ಯಾರ ಮೇಲೆ ಕ್ರಮ ಕೈಗೊಳ್ಳಬೇಕು? ಬಿಳಿ ಕಾರಿನವನು ಸದಸ್ಯನಲ್ಲ. ಸಹಕಾರಿ ಸಂಘದ ಉಪನಿಯಮಗಳು ಸದಸ್ಯರನ್ನು ಕಟ್ಟಿಹಾಕುತ್ತವೆ. ಹೊರಗಿನವನಿಗೆ ಅವು ಪಂಚಾಂಗದಷ್ಟೂ ತಾಗುವುದಿಲ್ಲ. ಅವನಿಗೆ ದಂಡ ಹಾಕಿದರೆ ವಸೂಲು ಮಾಡುವುದು ಯಾವ ಬಿಲ್ಲಿನಲ್ಲಿ? ಸದಸ್ಯನಾದರೆ ಮುಂದಿನ ತಿಂಗಳ ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸಬಹುದು, ಅದೂ ಸರ್ವಸಾಧಾರಣ ಸಭೆ ಮೊದಲೇ ಒಪ್ಪಿದ ದಂಡವನ್ನು, ನೋಟಿಸು ಕೊಟ್ಟು, ಅವನ ಮಾತು ಕೇಳಿದ ಮೇಲೆ. ಹಾಗಾಗಿ ದೂರಿನಲ್ಲಿ ಕಾರಿನ ಸಂಖ್ಯೆಯನ್ನು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೂ ಉಪಯೋಗವಿಲ್ಲ. ಅದನ್ನು ಒಳಗೆ ಬಿಟ್ಟ ಸದಸ್ಯ ಯಾರು ಎಂಬುದು ಬೇಕು.

ಅದು ಗೇಟಿನ ರಿಜಿಸ್ಟರಿನಲ್ಲಿತ್ತು. ನಮ್ಮ ವಾಚ್‌ಮನ್ ಬರೆಯುವ ವಿಸಿಟರ್ ಪುಸ್ತಕವನ್ನು ನಾನು ಅಲ್ಲಿಯವರೆಗೆ ಕಾಟಾಚಾರ ಎಂದುಕೊಂಡಿದ್ದೆ. ದಿನಾಂಕ, ಗಾಡಿ ಸಂಖ್ಯೆ, ಯಾವ ಫ್ಲ್ಯಾಟು, ಒಳಬಂದ ಹೊತ್ತು. ಹೊರಹೋದ ಹೊತ್ತಿನ ಕಾಲಂ ಮಾತ್ರ ಯಾವಾಗಲೂ ಖಾಲಿ, ನಮ್ಮ ಸೊಸೈಟಿಗೆ ಬಂದವರು ಯಾರೂ ಹೋಗಿಯೇ ಇಲ್ಲವೇನೋ ಎಂಬಂತೆ. ಹತ್ತೊಂಬತ್ತು ದಿನದಲ್ಲಿ ಹನ್ನೊಂದು ಸಲ ಆ ಕಾರು ಬಂದಿತ್ತು, ಹನ್ನೊಂದು ಸಲವೂ ಎದುರಿಗೆ 203. ಆದರೆ 203ರ ಯಜಮಾನರು ಮಗನ ಜೊತೆ ಪುಣೆಯಲ್ಲಿದ್ದಾರೆ, ಆ ಮನೆಗೆ ಎರಡು ವರ್ಷದಿಂದ ಬೀಗ. ಬೀಗ ಹಾಕಿದ ಮನೆಗೆ ವಾರಕ್ಕೆ ನಾಲ್ಕು ಸಲ ಬರುವ ಅತಿಥಿ!

ವಾಚ್‌ಮನ್‌ನನ್ನು ಗದರಿಸಲಿಲ್ಲ, ಚಹಾ ಕುಡಿಸಿದೆ. ಎದುರು ರಸ್ತೆಯ ಹಾರ್ಡ್‌ವೇರ್ ಅಂಗಡಿಯವರ ಕಾರು ಅದು. ಕಾರು ಇಲ್ಲದ 203ರವರು ತಮಗೆ ಹಂಚಿಕೆಯಾದ ಜಾಗವನ್ನು ತಿಂಗಳಿಗೆ ಎರಡು ಸಾವಿರಕ್ಕೆ ಅವರಿಗೆ ಬಿಟ್ಟುಕೊಟ್ಟಿದ್ದರು.

"ಹಾಗಾದರೆ ಅವರ ಜಾಗದಲ್ಲಿ ನಿಲ್ಲಿಸಲಿ, ನನ್ನದರಲ್ಲಿ ಯಾಕೆ?"

"ಅವರ ನಂಬರಿನಲ್ಲೇ ನಿಲ್ಲಿಸುತ್ತಿದ್ದಾರಲ್ಲ ಅಣ್ಣಾ" ಎಂದ, ನನಗೇ ಏನೋ ಆಗಿದೆ ಎಂಬಂತೆ ನೋಡುತ್ತ.

ಅವನ ಮಾತಿನ ಅರ್ಥ ಆದದ್ದು ಆ ರಾತ್ರಿ. ಸಾಕ್ಷಿಗೆಂದು ನಾನು ಫೋಟೋ ತೆಗೆಯುತ್ತಿದ್ದೆ. ಬರೀ ಕಾರಿನ ಫೋಟೋ ಸಾಕ್ಷಿಯಾಗುವುದಿಲ್ಲ, ಅದು ಎಲ್ಲಿ ಬೇಕಾದರೂ ನಿಂತಿರಬಹುದು. ನಂಬರ್ ಪ್ಲೇಟೂ ನೆಲದ ಮೇಲೆ ಬರೆದ ಜಾಗದ ನಂಬರೂ ಒಂದೇ ಚೌಕಟ್ಟಿನಲ್ಲಿ ಬರಬೇಕು, ಅದಕ್ಕಾಗಿ ಓಡಾಟದ ದಾರಿಯ ನಡುವೆ ನಿಂತು ಫೋನನ್ನು ತುಸು ಬಗ್ಗಿಸಬೇಕು. ಆ ಫೋಟೋಗಳನ್ನು ನಮ್ಮವಳು ಕನ್ನಡಕ ಹಾಕಿಕೊಂಡು ನೋಡುತ್ತಿದ್ದಳು.

"ಇವರೇ, ಇದು ಒಂಬತ್ತಲ್ಲವಾ?"

ಒಂಬತ್ತೇ! ಕೆಳಗೆ ಓಡಿಹೋಗಿ ನೋಡಿದೆ. ಎಂಟು ತಿಂಗಳ ಹಿಂದೆ ಕಟ್ಟಡಕ್ಕೆ ಬಣ್ಣ ಹೊಡೆದಾಗ ನೆಲದ ನಂಬರುಗಳನ್ನೂ ಹೊಸದಾಗಿ ಬರೆಸಿದ್ದರು. ದಾರಿಯ ಎಡಕ್ಕೆ ಒಂದರಿಂದ ಏಳು, ಬಲಕ್ಕೆ ಎಂಟರಿಂದ ಹದಿನಾಲ್ಕು. ಪೇಂಟರ್ ಬಲಗೋಡೆಗೆ ಮುಖಮಾಡಿಯೇ ಎರಡೂ ಸಾಲು ಬರೆದು ಮುಗಿಸಿದ್ದ. ಬಲದ ಸಾಲು ಸರಿ. ಎಡದ ಸಾಲು ಪೂರಾ ತಲೆಕೆಳಗು. ಏಳು, ನಾಲ್ಕು ತಲೆಕೆಳಗಾದರೆ ಯಾರಿಗೂ ತಿಳಿಯುತ್ತದೆ, ಆರು ಹಾಗಲ್ಲ. ಅದು ಇನ್ನೊಂದು ಗೌರವಾನ್ವಿತ ಸಂಖ್ಯೆಯಾಗಿ ನಿಲ್ಲುತ್ತದೆ. ಹೀಗಾಗಿ ನಮ್ಮಲ್ಲಿ ಎರಡು ಒಂಬತ್ತು ಇದ್ದವು. 203ರವರ ನಿಜವಾದ ಒಂಬತ್ತು ದಪ್ಪ ಕಂಬದ ಹಿಂದೆ, ಚಿಕ್ಕ ಕಾರೂ ಎರಡು ಸಲ ಹಿಂದೆ ಮುಂದೆ ಮಾಡಿ ನುಗ್ಗಬೇಕು. ಸುಳ್ಳು ಒಂಬತ್ತು ವಿಶಾಲವಾಗಿ, ನೇರವಾಗಿ, ಸಂಜೆ ಹೊತ್ತು ಖಾಲಿಯಾಗಿ ಕರೆಯುತ್ತಿತ್ತು. ಅಂಗಡಿಯವರ ಕಣ್ಣು ಯಾವುದಕ್ಕೆ ಬಿತ್ತು ಎಂದು ಹೇಳಬೇಕಾಗಿಲ್ಲ.

ನಾನು ಎಂಟು ತಿಂಗಳು ಇದನ್ನು ಗಮನಿಸದೆ ಇದ್ದದ್ದು ಹೇಗೆ? ನನಗೆ ನನ್ನ ಜಾಗ ಗೊತ್ತಿರುವುದು ಮಳೆನೀರಿನ ಪೈಪಿನ ಪಕ್ಕ ಎಂದು. ನಂಬರು ಓದಿ ಕಾರು ನಿಲ್ಲಿಸುವವನು ಹೊರಗಿನವನು.

ಮರುದಿನ ಸೆಕ್ರೆಟರಿಗೆ ಹೇಳಿದರೆ ಅವರ ಮುಖ ಅರಳಿತು. "ಹಾಗಾದರೆ ಮುಗಿಯಿತು ಬಿಡಿ! ಒಂದು ಡಬ್ಬಿ ಪೇಂಟು, ಒಂದು ಅಡ್ಡಗೆರೆ." ಇಲ್ಲೇ ನಾನು ಹಟ ಹಿಡಿದೆ, ಸರಿಯೋ ತಪ್ಪೋ. ಪೇಂಟು ಹೊಡೆದರೆ ಆ ಕಾರು ನನ್ನ ಜಾಗದಿಂದ ಒಂಬತ್ತಕ್ಕೆ ಹೋಗುತ್ತದೆ, ಹೊರಗೆ ಹೋಗುವುದಿಲ್ಲ. ಕಂಬದ ಹಿಂದೆ ನುಗ್ಗಲಾಗದೆ ನಾಲ್ಕು ದಿನದಲ್ಲಿ ಇನ್ಯಾರದೋ ಜಾಗಕ್ಕೆ ಬರುತ್ತದೆ. ಪಾರ್ಕಿಂಗ್ ಜಾಗವನ್ನು ಮಾರುವ, ಬೇರೆಯವರಿಗೆ ವರ್ಗಾಯಿಸುವ ಹಕ್ಕು ಸದಸ್ಯನಿಗಿಲ್ಲ ಎಂದು ಮಹಾರಾಷ್ಟ್ರದ ಮಾದರಿ ಉಪನಿಯಮಗಳಲ್ಲಿದೆ. ವಾಹನ ಇಲ್ಲದ ಸದಸ್ಯ ಜಾಗಕ್ಕೆ ಅರ್ಹನೇ ಅಲ್ಲ. ನನ್ನ ಗೋಳು ಆರನೇ ನಂಬರಿನದಾದರೂ ಅದರ ಬೇರು ಒಂಬತ್ತರಲ್ಲಿತ್ತು.

"ಲಿಖಿತ ಕೊಡಿ" ಎಂದರು ಸೆಕ್ರೆಟರಿ, ನಿಟ್ಟುಸಿರಿನೊಂದಿಗೆ. ಮೂರನೇ ಸಲ ಬರೆದ ಕಾಗದ ಒಂದೇ ಪುಟ. ಅದನ್ನು ಕನ್ನಡಕ್ಕೆ ತಂದರೆ ಹೀಗಿದೆ:

"ಗೌರವ ಕಾರ್ಯದರ್ಶಿಗಳಿಗೆ. ವಿಷಯ: ನನಗೆ ಹಂಚಿಕೆಯಾದ 6ನೇ ಪಾರ್ಕಿಂಗ್ ಜಾಗದಲ್ಲಿ ಸದಸ್ಯರಲ್ಲದವರ ಕಾರು.

ಸೊಸೈಟಿಯು 2011ರ ಹಂಚಿಕೆ ಪತ್ರದ ಮೂಲಕ ನನಗೆ 6ನೇ ಜಾಗ ಕೊಟ್ಟಿದೆ (ಪ್ರತಿ ಲಗತ್ತಿಸಿದೆ). ಪಾರ್ಕಿಂಗ್ ಶುಲ್ಕ ಈ ತಿಂಗಳವರೆಗೆ ಪಾವತಿಯಾಗಿದೆ. ಕಳೆದ 19 ದಿನಗಳಲ್ಲಿ 11 ಸಲ, ಸೊಸೈಟಿಯ ಸ್ಟಿಕ್ಕರ್ ಇಲ್ಲದ ಕಾರು ಈ ಜಾಗದಲ್ಲಿ ನಿಂತಿದೆ. ದಿನಾಂಕ, ಸಮಯ ಮತ್ತು ಫೋಟೋಗಳು ಪ್ರತ್ಯೇಕ ಹಾಳೆಯಲ್ಲಿವೆ. ಗೇಟಿನ ರಿಜಿಸ್ಟರಿನಲ್ಲಿ ಪ್ರತಿ ಸಲವೂ ಫ್ಲ್ಯಾಟ್ 203ರ ಹೆಸರಿನಲ್ಲಿ ಪ್ರವೇಶ ದಾಖಲಾಗಿದೆ. ದಯವಿಟ್ಟು ಆ ಪುಟಗಳನ್ನು ಪರಿಶೀಲಿಸಿ ಕಾಯ್ದಿರಿಸಬೇಕು.

ಈ ಕೆಳಗಿನವನ್ನು ಕೋರುತ್ತೇನೆ. ಇಂದಿನಿಂದ ಆ ಕಾರನ್ನು ಗೇಟಿನಲ್ಲೇ ತಡೆಯಲು ಸೆಕ್ಯುರಿಟಿಗೆ ಲಿಖಿತ ಸೂಚನೆ. ಫ್ಲ್ಯಾಟ್ 203ರ ಸದಸ್ಯರಿಂದ ವಿವರಣೆ ಕೇಳಿ ನೋಟಿಸು. ಎಡಸಾಲಿನ ನಂಬರುಗಳನ್ನು ಸರಿಯಾಗಿ ಬರೆಸುವುದು. ವಿಷಯವನ್ನು ಮುಂದಿನ ಕಮಿಟಿ ಸಭೆಯಲ್ಲಿ ತೀರ್ಮಾನಿಸಿ, ಉಪನಿಯಮದಂತೆ ಆ ನಂತರದ 15 ದಿನಗಳೊಳಗೆ ನನಗೆ ಲಿಖಿತವಾಗಿ ತಿಳಿಸಬೇಕು."

ನಾಗರಿಕ ಪ್ರಜ್ಞೆ, ಮಂಡಿನೋವು, ಪಾನ್ ಎಲ್ಲ ಬಿಟ್ಟುಹೋದವು. ಪಾನ್ ಬಗ್ಗೆ ಒಂದು ವಾಕ್ಯವಾದರೂ ಇರಲಿ ಎಂದು ಕೈ ತುರಿಸಿತು, ನಮ್ಮವಳು ಬಿಡಲಿಲ್ಲ. ಕೊನೆಯ ವಾಕ್ಯ ಮಾತ್ರ ನನ್ನ ಹೆಮ್ಮೆ. ದೂರು ಬಂದರೆ ಕಮಿಟಿ ಮುಂದಿನ ಸಭೆಯಲ್ಲಿ ತೀರ್ಮಾನಿಸಿ ಹದಿನೈದು ದಿನದಲ್ಲಿ ಸದಸ್ಯನಿಗೆ ತಿಳಿಸಬೇಕೆಂಬುದು ಉಪನಿಯಮದಲ್ಲೇ ಇದೆ. ತಿಳಿಸದಿದ್ದರೆ ವಾರ್ಡಿನ ಡೆಪ್ಯುಟಿ ರಿಜಿಸ್ಟ್ರಾರರಿಗೋ ಸಹಕಾರಿ ನ್ಯಾಯಾಲಯಕ್ಕೋ ಹೋಗಲು ದಾರಿ ತೆರೆಯುತ್ತದೆ. ಅಲ್ಲಿಗೆ ಹೋಗುವ ಆಸೆ ನನಗೆ ಖಂಡಿತ ಇರಲಿಲ್ಲ. ಒಂದು ಪಾರ್ಕಿಂಗಿಗಾಗಿ ಸಹಕಾರಿ ನ್ಯಾಯಾಲಯದ ಮೆಟ್ಟಿಲು ಹತ್ತಿದವನ ಮೊಮ್ಮಗ ಆ ಕಾರು ಓಡಿಸಬೇಕಾದೀತು. ಆದರೆ ಬಾಗಿಲು ಎಲ್ಲಿದೆ ಎಂದು ನನಗೆ ಗೊತ್ತು ಎಂಬುದು ಅವರಿಗೂ ಗೊತ್ತಿರಲಿ. ಎರಡು ಪ್ರತಿ ಒಯ್ದೆ. ಒಂದರ ಮೇಲೆ ಇನ್‌ವರ್ಡ್ ನಂಬರು, ತಾರೀಕು, ಸೊಸೈಟಿಯ ನೀಲಿ ಮುದ್ರೆ ಬೀಳುವವರೆಗೆ ಅಲ್ಲೇ ನಿಂತೆ. ಈ ಮುದ್ರೆ ಇಲ್ಲದಿದ್ದರೆ ಕಾಗದ ಬರೆದದ್ದೂ ಒಂದೇ, ಮಿಠಾಯಿ ಕಟ್ಟಲು ಕೊಟ್ಟದ್ದೂ ಒಂದೇ.

ಮುದ್ರೆ ಒತ್ತುತ್ತ ಸೆಕ್ರೆಟರಿ ಮೆಲ್ಲಗೆ ಕೇಳಿದರು. "ಅಣ್ಣಾ, ಉಪನಿಯಮ ಪೂರ್ತಿ ಓದಿದ್ದೀರಾ?"

ಓದಿದ್ದೇನೆ ಎಂದೆ.

"ಜಾಗಕ್ಕಿಂತ ಕಾರು ಹೆಚ್ಚಾದರೆ ಏನು ಅಂತಲೂ?"

ಅದನ್ನೂ ಓದಿದ್ದೆ, ಆದರೆ ನನಗೆ ಸಂಬಂಧವಿಲ್ಲದವನ ಹಾಗೆ ಓದಿದ್ದೆ. ಇಪ್ಪತ್ತೆಂಟು ಮನೆ, ಹದಿನಾಲ್ಕು ಜಾಗ. 1996ರಲ್ಲಿ ನಾಲ್ಕು ಕಾರು ಇದ್ದವು, ಈಗ ಹದಿನೆಂಟು. ಅರ್ಹರು ಹೆಚ್ಚು, ಜಾಗ ಕಡಿಮೆ ಎಂದಾದರೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಬೇಕು ಎನ್ನುತ್ತದೆ ಅದೇ ಪುಸ್ತಕ. ಐದು ಮನೆಯವರು ರಸ್ತೆಯಲ್ಲಿ ನಿಲ್ಲಿಸುತ್ತ, ನನ್ನಂಥವರ ಖಾಯಂ ಜಾಗವನ್ನು ನೋಡಿ ಸುಮ್ಮನಿದ್ದರು. ಹದಿಮೂರು ಮಂದಿ ಹಳಬರಿಗಾಗಿ ಎಲ್ಲರೂ ಆ ಪುಟವನ್ನು ಮಡಚಿಟ್ಟಿದ್ದರು. ನಾನು ಪುಸ್ತಕ ತೆರೆದಿದ್ದೆ.

"ಯೋಚನೆ ಮಾಡಿ. ಬೇಕಾದರೆ ಪೇಂಟು ಹೊಡೆಸಿ ಮುಗಿಸೋಣ" ಎಂದರು ಅವರು. ಆ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಅದೇ ಕಷ್ಟ. ಮನೆಗೆ ಬಂದು ಹೇಳಿದರೆ ನಮ್ಮವಳು, "ಕೊಟ್ಟ ಕಾಗದ ವಾಪಸು ತರುತ್ತೀರಾ?" ಎಂದಳು. ಮುದ್ರೆ ಬಿದ್ದಿದೆಯಲ್ಲ ಎಂದೆ. ಅದು ಧೈರ್ಯವೋ ಸಬೂಬೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ.

ಕಮಿಟಿ ಸಭೆ ಎರಡನೇ ಭಾನುವಾರ ನಡೆಯಿತು. ಹತ್ತನೇ ದಿನ ನನಗೆ ಉತ್ತರ ಬಂತು. ಗೇಟಿಗೆ ಲಿಖಿತ ಸೂಚನೆ ಹೋಯಿತು, 203ಕ್ಕೆ ಪುಣೆಯ ವಿಳಾಸಕ್ಕೆ ರಿಜಿಸ್ಟರ್ಡ್ ಟಪಾಲಿನಲ್ಲಿ ನೋಟಿಸು ಹೋಯಿತು. ಪುಣೆಯಿಂದ ಅವರ ಫೋನು ನನಗೇ ಬಂತು. ಎಪ್ಪತ್ತಾರರ ಮನುಷ್ಯ. "ಖಾಲಿ ಬಿದ್ದ ಜಾಗ, ಔಷಧಿ ಖರ್ಚಿಗಾಗುತ್ತಿತ್ತು. ನಿಮ್ಮ ಜಾಗದಲ್ಲಿ ನಿಲ್ಲಿಸುತ್ತಿದ್ದಾರೆಂದು ಗೊತ್ತಿರಲಿಲ್ಲ ಕಣ್ರೀ" ಎಂದು ಹಿಂದಿಯಲ್ಲಿ ಹೇಳಿದರೂ ನನಗೆ ಕನ್ನಡದಲ್ಲೇ ಕೇಳಿಸಿತು. ಕಾಗದದಲ್ಲಿ ಅವರು 'ಫ್ಲ್ಯಾಟ್ 203ರ ಸದಸ್ಯರು' ಆಗಿದ್ದರು. ನಾನು ಏನು ಹೇಳಬೇಕೋ ತಿಳಿಯದೆ ಮಗ ಹೇಗಿದ್ದಾನೆ ಎಂದು ಕೇಳಿದೆ.

ಬಿಳಿ ಕಾರು ಈಗ ಹೊರಗೆ, ಪಾನ್ ಅಂಗಡಿಯ ಪಕ್ಕ ನಿಲ್ಲುತ್ತದೆ. ಅದರ ಎಡಬಾಗಿಲನ್ನು ದಿನಾ ಬೆಳಿಗ್ಗೆ ನಾನು ಗಮನಿಸದೆ ಇರಲಾರೆ. ಆರಕ್ಕೆ ಕೆಳಗೊಂದು ಅಡ್ಡಗೆರೆ ಬಿದ್ದಿದೆ. ಸರ್ವಸಾಧಾರಣ ಸಭೆಯ ನೋಟಿಸು ಮೊನ್ನೆ ಬೋರ್ಡಿಗೆ ಬಂತು; ಐದನೇ ವಿಷಯ, ಪಾರ್ಕಿಂಗ್ ಜಾಗಗಳನ್ನು ಚೀಟಿ ಎತ್ತಿ ಹಂಚುವುದು. ಆ ಐದು ಮನೆಯವರು ಲಿಫ್ಟಿನಲ್ಲಿ ನನ್ನನ್ನು ಕಂಡರೆ ಈಗ ನಮಸ್ಕಾರ ಮಾಡುತ್ತಾರೆ. ಹಳೆಯ ಹದಿಮೂರರಲ್ಲಿ ನಾಲ್ಕೈದು ಮಂದಿ ಮೊಬೈಲು ನೋಡುತ್ತಾರೆ.

ಈ ನಡುವೆ ಉಡುಪಿಯಿಂದ ಭಾವನ ಫೋನು. ಗಣೇಶ ಚೌತಿಗೆ ಕಾರಿನಲ್ಲೇ ಬರುತ್ತಾನಂತೆ, ಐದು ದಿನ ಇರುತ್ತಾನಂತೆ. ಪ್ರತಿ ಸಲದ ಹಾಗೆ ನನ್ನದನ್ನು ರಸ್ತೆಗೆ ಹಾಕಿ ಅವನದನ್ನು ಒಳಗೆ ನಿಲ್ಲಿಸುವುದೆಂದು ಅವನ ಲೆಕ್ಕ. ಕೆಎ-20 ನಂಬರಿನ, ಸ್ಟಿಕ್ಕರ್ ಇಲ್ಲದ, ಸದಸ್ಯನಲ್ಲದವನ ಕಾರು. ರಾತ್ರಿ ಕುಳಿತು ಕಾಗದ ಬರೆದೆ: ಗೌರವ ಕಾರ್ಯದರ್ಶಿಗಳಿಗೆ, ವಿಷಯ: ಅತಿಥಿಯ ವಾಹನಕ್ಕೆ ಐದು ದಿನ ಅನುಮತಿ. ದಿನಾಂಕ, ಗಾಡಿ ಸಂಖ್ಯೆ, ಸಂಬಂಧ ಎಲ್ಲ ಬರೆದಾಯಿತು. 'ನಿಲ್ಲಿಸುವ ಜಾಗದ ನಂಬರು' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಚೌತಿಗೆ ಇನ್ನೂ ಹನ್ನೆರಡು ದಿನ ಇದೆ. ಚೀಟಿ ಎತ್ತುವುದು ಈ ಭಾನುವಾರ. ಆ ಒಂದು ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದೆ.